‘ತಗೊಳ್ಳೋಣ ಬಿಡಿ’ ಅಂದದ್ದು ಪುರಾವೆ ಅಲ್ಲ

ನಮ್ಮ ನಾಲ್ಕು ಜನರ ತಂಡ ಹೋದ ವರ್ಷ ಒಂದು ಬಿಸಿನೆಸ್ ಪ್ಲಾನ್ ಸ್ಪರ್ಧೆಗೆ ಹೋಗಿತ್ತು. ಬೋರ್‌ವೆಲ್ ಮೋಟರ್ ಸುಡದ ಹಾಗೆ ನೋಡಿಕೊಳ್ಳೋ ಒಂದು ಡಬ್ಬ ನಮ್ಮ ಐಡಿಯಾ. ಬೋರಲ್ಲಿ ನೀರು ಇಳಿದು ಮೋಟರ್ ಖಾಲಿ ಓಡೋಕೆ ಶುರುವಾದ್ರೆ ಅದು ಎಳೆಯೋ ಕರೆಂಟು ಕಡಿಮೆಯಾಗುತ್ತೆ. ಆ ಇಳಿತವನ್ನ ಹಿಡಿದು ಮೋಟರ್ ನಿಲ್ಲಿಸೋದು, ರೈತರ ಫೋನಿಗೆ ಮೆಸೇಜ್ ಕಳಿಸೋದು ನಮ್ಮ ಡಬ್ಬದ ಕೆಲಸ. ಪ್ಲಾನ್‌ನಲ್ಲಿ ‘ಕಸ್ಟಮರ್ ವ್ಯಾಲಿಡೇಶನ್’ ಅಂತ ಒಂದು ಪುಟ ಇತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಬರೆದಿದ್ವಿ: ‘ನಾವು ಮಾತಾಡಿಸಿದ 25 ರೈತರಲ್ಲಿ 23 ಮಂದಿ, ಅಂದರೆ ಶೇ. 92ರಷ್ಟು, ಈ ಸಾಧನವನ್ನು ಖರೀದಿಸಲು ಸಿದ್ಧರಿದ್ದಾರೆ.’

ತೀರ್ಪುಗಾರರಲ್ಲಿ ಒಬ್ಬರು ಸರ್ಕ್ಯೂಟ್ ಬಗ್ಗೆ ಏನೂ ಕೇಳಲಿಲ್ಲ. ಆ ಸಾಲಿಗೆ ಬೆರಳಿಟ್ಟು, ‘ಈ ಇಪ್ಪತ್ತೈದು ಜನ ನಿಮಗೆ ಹೇಗೆ ಸಿಕ್ಕಿದ್ರು? ಎಷ್ಟು ಜನ ನಿಮ್ಮ ನೆಂಟರು?’ ಅಂದ್ರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಆಮೇಲಿನ ಆರು ನಿಮಿಷ ನಾವು ಏನು ಮಾತಾಡಿದ್ವೋ ನಮಗೇ ನೆನಪಿಲ್ಲ.

ನಮ್ಮ ಕ್ಯಾಂಪಸ್ಸಲ್ಲಿ ಈ ಥರದ ಸಾಲು ಇಲ್ಲದ ಪ್ಲಾನ್ ಸಿಗೋದು ಕಷ್ಟ. ಒಬ್ಬರದು ಶೇ. 85, ಇನ್ನೊಬ್ಬರದು ಶೇ. 94. ಇದನ್ನ ಬರೆಯೋದು ನಿಲ್ಲಿಸಬೇಕು ಅನ್ನೋದು ನಮ್ಮ ಅಭಿಪ್ರಾಯ. ಹಾಗಂತ ಮಾತಾಡಿಸಿದ್ದು ವ್ಯರ್ಥ ಅಲ್ಲ. ಆ ಮಾತುಕತೆಯಲ್ಲಿ ನಿಜವಾದ ಪುರಾವೆ ಇರುತ್ತೆ, ಅದನ್ನ ಪರ್ಸೆಂಟೇಜ್ ಮಾಡೋ ಹೊತ್ತಿಗೆ ನಾವೇ ಅಳಿಸಿ ಹಾಕ್ತೀವಿ. ನಮಗೆ ಇದು ಗೊತ್ತಾದದ್ದು ಸೋತು ಬಂದ ಮೇಲೆ ನಮ್ಮ ನೋಟ್ಸನ್ನೇ ಮತ್ತೆ ಓದಿದಾಗ.

25ರಲ್ಲಿ ಉಳಿದದ್ದು 6

ವಾಪಸ್ ಬಂದ ರಾತ್ರಿ ಹಾಸ್ಟೆಲ್ ರೂಮಲ್ಲಿ ಕೂತು ನೋಟ್‌ಬುಕ್ಕು, ರೆಕಾರ್ಡಿಂಗು ಎಲ್ಲ ತೆಗೆದ್ವಿ. 25 ಜನರಲ್ಲಿ 9 ಮಂದಿ ನಮ್ಮ ತಂಡದವನೊಬ್ಬನ ಊರಿನವರೇ, ಚಿಕ್ಕಪ್ಪ, ಮಾವ, ಪಕ್ಕದ ಹೊಲದವರು. 4 ಜನಕ್ಕೆ ಸ್ವಂತ ಬೋರೇ ಇಲ್ಲ, ಪಕ್ಕದವರ ನೀರಿಗೆ ದುಡ್ಡು ಕೊಟ್ಟು ಬೆಳೆ ಮಾಡೋರು. 6 ಜನ ಒಂದೇ ಟೀ ಅಂಗಡಿ ಮುಂದೆ ಒಟ್ಟಿಗೆ ಕೂತಿದ್ದವರು. ಅವರಲ್ಲಿ ಒಬ್ಬ ಹಿರಿಯರು ‘ಒಳ್ಳೇ ಕೆಲ್ಸ, ಮಾಡಿ’ ಅಂದ್ರು, ಉಳಿದ ಐದು ಜನ ತಲೆ ಆಡಿಸಿದ್ರು. ನಾವು ಅದನ್ನ ಆರು ‘ಹೌದು’ ಅಂತ ಬರ್ಕೊಂಡಿದ್ವಿ. ಇಷ್ಟನ್ನ ಕಳೆದ್ರೆ ಉಳಿದದ್ದು 6 ಜನ.

ಆ ಆರು ಜನಕ್ಕೆ ನಾವು ಕೇಳಿದ ಪ್ರಶ್ನೆ ರೆಕಾರ್ಡಿಂಗಲ್ಲಿ ಸ್ಪಷ್ಟವಾಗಿತ್ತು. ಮೊದಲು ಡಬ್ಬ ತೋರಿಸಿ, ಅದು ಏನೇನು ಮಾಡುತ್ತೆ ಅಂತ ಹತ್ತು ನಿಮಿಷ ಹೇಳಿ, ಆಮೇಲೆ, ‘ಯಜಮಾನ್ರೇ, ಇದು ನಾಲ್ಕು ಸಾವಿರಕ್ಕೆ ಸಿಕ್ಕಿದ್ರೆ ತಗೋತೀರಾ?’ ಬಿಸಿಲಲ್ಲಿ ಬೈಕಲ್ಲಿ ಬಂದಿರೋ ಹುಡುಗರು ಹೀಗೆ ಕೇಳಿದ್ರೆ ಯಾವ ರೈತ ತಾನೇ ‘ಬೇಡ’ ಅಂತಾರೆ? ‘ತಗೊಳ್ಳೋಣ ಬಿಡ್ರಪ್ಪ, ಮೊದ್ಲು ಮಜ್ಜಿಗೆ ಕುಡೀರಿ’ ಅಂದಿದ್ರು ಒಬ್ಬರು. ಅದು ಮರ್ಯಾದೆಯ ಮಾತು. ನಾವು ಅದನ್ನ ಆರ್ಡರ್ ಅಂದ್ಕೊಂಡ್ವಿ.

ಇನ್ನೊಂದು ವಿಷಯ ನಮಗೆ ಹೆಚ್ಚು ನಾಚಿಕೆ ತಂದಿತು. ‘ಬೇಡ’ ಅಂದ ಇಬ್ಬರೂ ಈ ಆರರಲ್ಲೇ ಇದ್ರು. ಅವರಲ್ಲಿ ಒಬ್ಬರು, ‘ಇಂಥದ್ದೇ ಒಂದು ಹಾಕ್ಸಿದ್ದೆ ಕಣಪ್ಪಾ, ಕಿತ್ತು ಬಿಸಾಕ್ದೆ’ ಅಂತ ಹೇಳಿದ್ದು ರೆಕಾರ್ಡಿಂಗಲ್ಲಿದೆ. ಅದಾದ ಮೇಲೆ ಕೇಳಿಸೋದು ನಮ್ಮ ದನಿ: ‘ಅಲ್ಲ ಯಜಮಾನ್ರೇ, ನಮ್ದು ಅದಕ್ಕಿಂತ ಅಡ್ವಾನ್ಸ್ಡು...’ ಯಾಕೆ ಕಿತ್ತು ಹಾಕಿದ್ರು ಅಂತ ನಾವು ಕೇಳಲೇ ಇಲ್ಲ. ಇಡೀ 25 ಮಾತುಕತೆಯಲ್ಲಿ ನಮ್ಮ ಪ್ಲಾನಿಗೆ ಅತಿ ಹೆಚ್ಚು ಬೆಲೆಬಾಳೋ ವಾಕ್ಯ ಅದು. ಪ್ಲಾನ್‌ನಲ್ಲಿ ಅದು ‘ಉಳಿದ ಶೇ. 8’ ಆಗಿ ಮಾಯವಾಗಿತ್ತು.

ಪ್ರಶ್ನೆ ಬದಲಾದ್ರೆ ಸಾರಾಂಶವೂ ಬದಲಾಗುತ್ತೆ

ಗ್ರಾಹಕರನ್ನ ಮೊದಲು ಹುಡುಕಿ ಅರ್ಥಮಾಡಿಕೊಳ್ಳಿ ಅನ್ನೋ ಈ ಪದ್ಧತಿಗೆ ‘ಕಸ್ಟಮರ್ ಡಿಸ್ಕವರಿ’ ಅಂತ ಹೆಸರು ಕೊಟ್ಟು ಪ್ರಚಾರ ಮಾಡಿದವರು ಅಮೆರಿಕದ ಸ್ಟೀವ್ ಬ್ಲಾಂಕ್. ಅವರ ಪಾಠದ ಮೇಲೆಯೇ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ 2011ರಲ್ಲಿ ಐ-ಕೋರ್ ಅನ್ನೋ ಕಾರ್ಯಕ್ರಮ ಶುರುಮಾಡಿತು. ಅದರಲ್ಲಿ ಒಂದು ತಂಡ ಸುಮಾರು ಏಳು ವಾರದಲ್ಲಿ 100 ಜನರನ್ನ ಮಾತಾಡಿಸಬೇಕು. ನಮ್ಮಲ್ಲಿ ಹಲವರು ಈ ‘100’ ಅನ್ನೋದನ್ನ ಮಾತ್ರ ಹಿಡ್ಕೊಂಡು ಗೂಗಲ್ ಫಾರ್ಮ್ ಕಳಿಸ್ತಾರೆ. ಆದ್ರೆ ಡಿಸ್ಕವರಿ ಅನ್ನೋದು ಓಟು ಎಣಿಸೋ ಕೆಲಸ ಅಲ್ಲ. ಬಳಸೋರು ಯಾರು, ದುಡ್ಡು ಕೊಡೋರು ಯಾರು, ಬೇಡ ಅನ್ನೋಕೆ ಅಧಿಕಾರ ಇರೋರು ಯಾರು ಅಂತ ಬೇರೆ ಬೇರೆ ಮಂದಿಯಿಂದ ತಿಳಿಯೋದು, ತಿಳಿದ ಹಾಗೆ ನಮ್ಮ ಊಹೆಯನ್ನ ತಿದ್ದೋದು ಅದರ ಉದ್ದೇಶ.

ರಾಬ್ ಫಿಟ್ಜ್‌ಪ್ಯಾಟ್ರಿಕ್ ಅವರ ‘ದ ಮಾಮ್ ಟೆಸ್ಟ್’ ಅನ್ನೋ ಸಣ್ಣ ಪುಸ್ತಕ 2013ರಲ್ಲಿ ಬಂತು. ಅದರ ತಿರುಳು ಇಷ್ಟೇ: ನಿಮ್ಮ ಐಡಿಯಾ ಬಗ್ಗೆ ಕೇಳಬೇಡಿ, ಅವರ ಬದುಕಿನ ಬಗ್ಗೆ ಕೇಳಿ. ಮುಂದೆ ಏನು ಮಾಡ್ತೀರಿ ಅನ್ನೋದಕ್ಕಿಂತ ಹಿಂದೆ ಏನು ಮಾಡಿದ್ರಿ ಅಂತ ಕೇಳಿ. ಹೀಗೆ ಕೇಳಿದ್ರೆ ಹೆತ್ತ ತಾಯಿ ಕೂಡ ಮಗನ ಮನಸ್ಸು ನೋಯಬಾರದು ಅಂತ ಸುಳ್ಳು ಹೇಳೋಕೆ ಜಾಗ ಇರಲ್ಲ.

ಎರಡನೇ ಸಲ ನಾವು ಡಬ್ಬವನ್ನ ಹಾಸ್ಟೆಲಲ್ಲೇ ಬಿಟ್ಟು ಹೋದ್ವಿ. ಪ್ರಶ್ನೆಗಳು ಐದೇ. ಹೋದ ಸಲ ಮೋಟ್ರು ಸುಟ್ಟಿದ್ದು ಯಾವಾಗ? ಅವತ್ತು ಯಾರನ್ನ ಕರೆದ್ರಿ? ಎತ್ತಿ ಇಳಿಸೋದಕ್ಕೆ, ವೈಂಡಿಂಗಿಗೆ ಎಷ್ಟಾಯ್ತು? ಎಷ್ಟು ದಿನ ನೀರಿರಲಿಲ್ಲ? ಆಮೇಲೆ ಮತ್ತೆ ಸುಡದ ಹಾಗೆ ಏನಾದ್ರೂ ಮಾಡಿದ್ರಾ?

ಯಾರನ್ನ ಕೇಳಬೇಕು ಅನ್ನೋದನ್ನೂ ಮೊದಲೇ ಬರೆದಿಟ್ಕೊಂಡ್ವಿ. ತುಮಕೂರು ಜಿಲ್ಲೆಯ ಎರಡು ತಾಲ್ಲೂಕಿನ ಎರಡು ವೈಂಡಿಂಗ್ ಅಂಗಡಿಯವರು ತಮ್ಮ ಪುಸ್ತಕದಲ್ಲಿದ್ದ ಗಿರಾಕಿಗಳನ್ನ ಕೇಳಿ, ಒಪ್ಪಿದವರ ನಂಬರು ಕೊಟ್ರು. ಅವರೆಲ್ಲ ಆ ವರ್ಷ ಮೋಟರ್ ಸುಟ್ಟುಕೊಂಡವರು, 12 ಜನ. ಇನ್ನು 8 ಜನರನ್ನ ಬೆಳಗ್ಗೆ ಹಾಲಿನ ಡೇರಿ ಹತ್ತಿರ ನಿಂತು, ಸ್ವಂತ ಬೋರು ಇರೋರು ಯಾರು ಮೊದಲು ಸಿಗ್ತಾರೋ ಅವರನ್ನ ಮಾತಾಡಿಸಿದ್ವಿ. ಒಟ್ಟು 20 ರೈತರು. ಇವರಲ್ಲದೆ ಆ ಇಬ್ಬರು ವೈಂಡಿಂಗ್ ಅಂಗಡಿಯವರು, ಒಬ್ಬ ಪ್ಯಾನೆಲ್ ಬೋರ್ಡ್ ಮಾರೋರು, ಒಬ್ಬ ಮೋಟ್ರು ಎತ್ತೋ ಗಾಡಿಯವರು.

ಸಿಕ್ಕಿದ್ದು ಏನು

ಡೇರಿಯ ಎಂಟು ಜನರಲ್ಲಿ 3 ಮಂದಿಗೆ ಎರಡು ವರ್ಷದೊಳಗೆ ಮೋಟರ್ ಸುಟ್ಟಿತ್ತು. ಹಾಗಾಗಿ ಒಟ್ಟು ಸುಟ್ಟವರು 15. ಒಂದು ಸಲ ಸುಟ್ಟರೆ ಎಲ್ಲ ಸೇರಿ 9,000ದಿಂದ 17,000 ರೂಪಾಯಿ ಆಯ್ತು ಅಂದ್ರು. 9 ಜನ ಬಿಲ್ ಅಥವಾ ಅಂಗಡಿಯ ಚೀಟಿ ತೋರಿಸಿದ್ರು, ಉಳಿದ ಆರು ಜನರದು ಬಾಯಿಮಾತು. ಪ್ಲಾನ್‌ನಲ್ಲಿ ಈ ಎರಡನ್ನ ಬೇರೆ ಬೇರೆಯಾಗಿಯೇ ಬರೆದ್ವಿ.

ಆಮೇಲೆ ಏನು ಮಾಡಿದ್ರಿ ಅನ್ನೋ ಪ್ರಶ್ನೆಗೆ ಬಂದ ಉತ್ತರ ನಮ್ಮ ಪ್ಲಾನನ್ನೇ ತಿರುಗಿಸಿತು. 15 ಜನರಲ್ಲಿ 6 ಜನ ಆಗಲೇ ಡ್ರೈ ರನ್ ತಡೆಯೋ ಸಾಧನ ಕೊಂಡಿದ್ರು. ಅಂದ್ರೆ ನಾವು ‘ಹೊಸ ಆವಿಷ್ಕಾರ’ ಅಂತ ಬರೆದದ್ದು ತಾಲ್ಲೂಕಿನ ಅಂಗಡಿಯಲ್ಲಿ ಮಾರಾಟಕ್ಕಿತ್ತು. 4 ಜನ ಪೈಪ್ ಇಳಿಸಿದ್ದು, ಪ್ಯಾನೆಲ್ ಬದಲಾಯಿಸಿದ್ದು, ಹೀಗೆ ಬೇರೆ ಏನೋ ಖರ್ಚು ಮಾಡಿದ್ರು. 5 ಜನ ಏನೂ ಮಾಡಿರಲಿಲ್ಲ.

ಸಾಧನ ಕೊಂಡ ಆರು ಜನರಲ್ಲಿ 4 ಮಂದಿ ಅದನ್ನ ಬೈಪಾಸ್ ಮಾಡಿಸಿದ್ರು, ಅಂದ್ರೆ ಡಬ್ಬ ಗೋಡೆ ಮೇಲೆ ಇದೆ, ವೈರು ಅದನ್ನ ದಾಟಿ ಹೋಗಿದೆ. ಈ ಸಲ ಯಾಕೆ ಅಂತ ಕೇಳಿದ್ವಿ. ಅವರ ಬೋರಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತೆ. ಹತ್ತು ಹದಿನೈದು ನಿಮಿಷ ಎತ್ತಿದ್ರೆ ನೀರು ಇಳಿಯುತ್ತೆ, ಸ್ವಲ್ಪ ಬಿಟ್ರೆ ಮತ್ತೆ ಊರುತ್ತೆ. ಅವರ ಹತ್ತಿರ ಇದ್ದ ಸಾಧನ ನೀರು ಇಳಿದ ತಕ್ಷಣ ನಿಲ್ಲುತ್ತೆ, ಆದ್ರೆ ಕೈಯಲ್ಲಿ ಒತ್ತದೆ ಮತ್ತೆ ಶುರುವಾಗಲ್ಲ. ತ್ರೀ ಫೇಸ್ ಬರೋದು ರಾತ್ರಿ. ಒಬ್ಬರು ಹೇಳಿದ ಮಾತು ನೋಟ್ಸಲ್ಲಿ ಹಾಗೇ ಇದೆ: ‘ರಾತ್ರಿ ಎರಡು ಗಂಟೇಲಿ ನಾಕ್ ಸಲ ಎದ್ದು ಹೋಗಿ ಬಟನ್ ಒತ್ತಕ್ಕಾಗ್ತದಾ? ಸುಟ್ರೆ ಸುಡ್ಲಿ ಅಂತ ಡೈರೆಕ್ಟ್ ಮಾಡ್ಸ್ಬಿಟ್ಟೆ.’

ನಮ್ಮ ಡಬ್ಬ ಮಾಡ್ತಿದ್ದದ್ದೂ ಅದನ್ನೇ, ನಿಲ್ಲಿಸಿ ಮೆಸೇಜ್ ಕಳಿಸೋದು. ಅಂದ್ರೆ ಅದೇ ಮನುಷ್ಯನನ್ನ ಅದೇ ಎರಡು ಗಂಟೆಗೆ ಎಬ್ಬಿಸೋದು. ನೀರು ಊರೋಕೆ ಬೇಕಾದ ಹೊತ್ತು ಕಾದು ತಾನೇ ಮತ್ತೆ ಶುರುಮಾಡೋ ಸಾಧನ ಅವರಿಗೆ ಬೇಕಿತ್ತು.

ಇನ್ನೊಂದು ಅಧ್ಯಾಯವೇ ಬಿದ್ದು ಹೋಯ್ತು. ಮೊದಲ ಪ್ಲಾನ್‌ನಲ್ಲಿ ‘ವಿದ್ಯುತ್ ಉಳಿತಾಯ’ ಅಂತ ಎರಡು ಪುಟ, ಗ್ರಾಫ್ ಸಮೇತ ಇತ್ತು. ಇಪ್ಪತ್ತು ರೈತರಲ್ಲಿ ಒಬ್ಬರೂ ಕರೆಂಟ್ ಬಿಲ್ಲಿನ ಮಾತು ಎತ್ತಲಿಲ್ಲ. ಕರ್ನಾಟಕದಲ್ಲಿ 10 ಎಚ್‌ಪಿ ತನಕದ ಕೃಷಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಉಳಿಸಿದ್ರೆ ಲಾಭ ಸರ್ಕಾರಕ್ಕೆ, ಡಬ್ಬಕ್ಕೆ ದುಡ್ಡು ಕೊಡೋ ರೈತರಿಗಲ್ಲ. ಹೀಗೆ ಯಾರೂ ಆಡದೇ ಉಳಿದ ಮಾತನ್ನೂ ಸಾರಾಂಶದಲ್ಲಿ ಬರೆಯಬೇಕು.

ಬಾಯಿಮಾತಿಂದ ಜೇಬಿನ ತನಕ

ಮಾತು ಮುಗಿದ ಮೇಲೆ, ಕೊನೆಗೆ, ಇಪ್ಪತ್ತೂ ಜನಕ್ಕೆ ಒಂದೇ ವಿಷಯ ಹೇಳಿದ್ವಿ: ತಾನೇ ಮತ್ತೆ ಶುರುವಾಗೋ ಒಂದು ಸಾಧನ ಮಾಡ್ತಿದ್ದೀವಿ, ಎರಡು ತಿಂಗಳು ನಿಮ್ಮ ಬೋರಿಗೆ ಹಾಕಿ ನೋಡ್ತೀವಿ, 500 ರೂಪಾಯಿ ಅಡ್ವಾನ್ಸ್ ಕೊಡಬೇಕು, ಬೇಡ ಅನಿಸಿದ್ರೆ ವಾಪಸ್ ಕೊಡ್ತೀವಿ. 5 ಜನ ಕೊಟ್ರು. 3 ಜನ ‘ಹಾಕಿ ತೋರ್ಸಿ, ಆಮೇಲೆ ಕೊಡೋಣ’ ಅಂದ್ರು. 12 ಜನ ಬೇಡ ಅಂದ್ರು.

ಶೇ. 92 ಇದ್ದದ್ದು ಇಪ್ಪತ್ತರಲ್ಲಿ ಐದಕ್ಕೆ ಇಳಿದಾಗ ಮೊದಲು ಬೇಜಾರಾಯ್ತು. ಆಮೇಲೆ ಆ ಐದು ಜನ ಯಾರು ಅಂತ ನೋಡಿದ್ವಿ. 3 ಮಂದಿ ಬೈಪಾಸ್ ಮಾಡಿಸಿದವರು, 2 ಮಂದಿ ಬೇರೆ ಏನೋ ಖರ್ಚು ಮಾಡಿ ಸಾಕಾದವರು. ಸುಟ್ಟ ಮೇಲೂ ಏನೂ ಮಾಡದವರಲ್ಲಿ ಒಬ್ಬರೂ ಕೊಡಲಿಲ್ಲ, ಸುಡದೇ ಇರೋರಲ್ಲೂ ಒಬ್ಬರೂ ಇಲ್ಲ. ಅಂದ್ರೆ ಈ ಸಮಸ್ಯೆಗೆ ಆಗಲೇ ಜೇಬಿಂದ ದುಡ್ಡು ತೆಗೆದಿದ್ದ ಹತ್ತು ಜನರಲ್ಲಿ ಐದು, ತೆಗೆಯದ ಹತ್ತು ಜನರಲ್ಲಿ ಸೊನ್ನೆ. ನಮ್ಮ ಗಿರಾಕಿ ‘ಬೋರ್‌ವೆಲ್ ಇರೋ ರೈತ’ ಅಲ್ಲ. ಕಡಿಮೆ ನೀರಿನ ಬೋರು ಇಟ್ಕೊಂಡು, ಒಂದು ಸಲ ಮೋಟರ್ ಸುಟ್ಟು, ಅದಕ್ಕೆ ಏನಾದ್ರೂ ಪರಿಹಾರ ಹುಡುಕಿ ಸೋತವನು. ಪರ್ಸೆಂಟೇಜ್ ಈ ಮನುಷ್ಯನನ್ನ ಯಾವತ್ತೂ ತೋರಿಸ್ತಿರಲಿಲ್ಲ.

ಆದ್ದರಿಂದ ಸಾರಾಂಶ ಬರೆಯುವಾಗ ಒಂದೊಂದು ಮಾತನ್ನೂ ಯಾವ ಮೆಟ್ಟಿಲಲ್ಲಿ ಇಡಬೇಕು ಅಂತ ನಾವೊಂದು ಕ್ರಮ ಮಾಡ್ಕೊಂಡ್ವಿ. ಕೆಳಗಿನ ಮೆಟ್ಟಿಲು ‘ಚೆನ್ನಾಗಿದೆ, ತಗೊಳ್ಳೋಣ’ ಅನ್ನೋ ಮೆಚ್ಚುಗೆ, ಇದನ್ನ ಪ್ಲಾನ್‌ನಲ್ಲಿ ಎಣಿಸಲೇ ಬಾರದು. ಅದರ ಮೇಲೆ, ನಡೆದ ಘಟನೆಯ ವಿವರ: ಯಾವ ತಿಂಗಳು, ಎಷ್ಟು ಖರ್ಚು, ಎಷ್ಟು ದಿನ. ಅದರ ಮೇಲೆ, ಪರಿಹಾರಕ್ಕೆ ಅವರಾಗೇ ಮಾಡಿದ ಪ್ರಯತ್ನ, ಬಿಲ್ ಇದ್ರೆ ಇನ್ನೂ ಗಟ್ಟಿ. ಎಲ್ಲಕ್ಕಿಂತ ಮೇಲೆ, ನಮಗೆ ಅವರು ಕೊಟ್ಟದ್ದು: ದುಡ್ಡು, ಬೋರಿಗೆ ಕೈ ಹಾಕೋಕೆ ಅನುಮತಿ, ಇನ್ನೊಬ್ಬರ ಪರಿಚಯ. ಮೇಲಿನ ಮೆಟ್ಟಿಲಲ್ಲಿ ಕಡಿಮೆ ಜನ ಇರ್ತಾರೆ. ಅದು ಸಹಜ, ಹೆದರಬೇಕಿಲ್ಲ.

ಯಾವ ಮಾತು ಯಾವ ಮೆಟ್ಟಿಲು ಅನ್ನೋದನ್ನ ಒಬ್ಬರೇ ತೀರ್ಮಾನ ಮಾಡಿದ್ರೆ ಮತ್ತೆ ಅದೇ ಆಸೆ ಒಳಗೆ ನುಗ್ಗುತ್ತೆ. ನಮ್ಮಲ್ಲಿ ಇಬ್ಬರು ಬೇರೆ ಬೇರೆ ಕೂತು ಇಪ್ಪತ್ತೂ ನೋಟ್ಸ್ ಓದಿ ಗುರುತು ಹಾಕಿದ್ರು. ಮೂರು ಕಡೆ ಹೊಂದಲಿಲ್ಲ. ಉದಾಹರಣೆಗೆ, ಒಬ್ಬ ರೈತರು ‘ಫಿಟ್ಟರ್‌ಗೆ ಒಂದು ಡಬ್ಬ ತಂದುಕೊಡು ಅಂತ ಹೇಳಿದ್ದೆ’ ಅಂದಿದ್ರು. ಇದು ಪ್ರಯತ್ನವೋ, ಬರೀ ಮಾತೋ? ರೆಕಾರ್ಡಿಂಗ್ ಮತ್ತೆ ಕೇಳಿದ್ವಿ, ದುಡ್ಡು ಕೊಟ್ಟಿರಲಿಲ್ಲ, ಮತ್ತೆ ವಿಚಾರಿಸಿರಲೂ ಇಲ್ಲ. ‘ಏನೂ ಮಾಡಿಲ್ಲ’ ಅನ್ನೋ ಐದರೊಳಗೆ ಅವರನ್ನ ಸೇರಿಸಿದ್ವಿ. ಅನುಮಾನ ಇದ್ದ ಕಡೆ ಕೆಳಗಿನ ಮೆಟ್ಟಿಲು, ಇದೇ ನಮ್ಮ ನಿಯಮ.

ಪ್ಲಾನ್‌ನಲ್ಲಿ ಬರೆದದ್ದು ಹೀಗೆ

ಎರಡನೇ ಪ್ಲಾನ್‌ನ ಆ ಪುಟವನ್ನ ಇಲ್ಲಿ ಕೊಡ್ತಿದ್ದೀವಿ. ಇದೇ ಮಾದರಿ ಅಂತಲ್ಲ, ಹೋಲಿಸಿ ನೋಡೋಕೆ.

> ಮಾರ್ಚ್‌ನಿಂದ ಮೇ ತನಕ ತುಮಕೂರು ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ ಸ್ವಂತ ಬೋರ್‌ವೆಲ್ ಇರುವ 20 ರೈತರನ್ನು ಒಬ್ಬೊಬ್ಬರಾಗಿ ಮಾತನಾಡಿಸಿದೆವು. 12 ಜನ ವೈಂಡಿಂಗ್ ಅಂಗಡಿಗಳ ಪುಸ್ತಕದಿಂದ, 8 ಜನ ಹಾಲಿನ ಡೇರಿಯಲ್ಲಿ ಸಿಕ್ಕವರು. ಯಾರೂ ತಂಡದ ಸಂಬಂಧಿಕರಲ್ಲ. ಸಾಧನದ ವಿಷಯ ಹೇಳಿದ್ದು ಮಾತುಕತೆಯ ಕೊನೆಯಲ್ಲಿ.
>
> 15 ಜನರ ಮೋಟರ್ ಎರಡು ವರ್ಷದೊಳಗೆ ಸುಟ್ಟಿದೆ (12 ಜನರನ್ನು ಆ ಕಾರಣಕ್ಕೇ ಆರಿಸಿದ್ದು). ಒಂದು ಸಲದ ಖರ್ಚು 9,000–17,000 ರೂಪಾಯಿ. 9 ಜನರ ಬಿಲ್ ನೋಡಿದ್ದೇವೆ. 6 ಜನ ಆಗಲೇ ಡ್ರೈ ರನ್ ಸಾಧನ ಕೊಂಡಿದ್ದರು. ಅವರಲ್ಲಿ 4 ಜನ ರಾತ್ರಿ ಮತ್ತೆ ಮತ್ತೆ ಕೈಯಿಂದ ಶುರುಮಾಡಬೇಕಾದ ಕಾರಣಕ್ಕೆ ಅದನ್ನು ಬೈಪಾಸ್ ಮಾಡಿಸಿದ್ದಾರೆ. 2 ಜನ ಈಗಿನ ಸಾಧನದಿಂದ ತೃಪ್ತರು, ನಮ್ಮದು ಬೇಡ ಎಂದರು.
>
> 5 ಜನ 500 ರೂಪಾಯಿ ಮುಂಗಡ ಕೊಟ್ಟರು. ಐವರೂ ಈ ಸಮಸ್ಯೆಗೆ ಮೊದಲೇ ಖರ್ಚು ಮಾಡಿದವರು. ಖರ್ಚು ಮಾಡದ 10 ಜನರಲ್ಲಿ ಯಾರೂ ಕೊಡಲಿಲ್ಲ.
>
> ಇದರಿಂದ ತಿಳಿಯದೇ ಇರುವುದು: ಇಂಥ ರೈತರು ಜಿಲ್ಲೆಯಲ್ಲಿ ಎಷ್ಟು ಜನ ಎಂಬುದು, 4,000 ರೂಪಾಯಿ ಪೂರ್ತಿ ಕೊಡುತ್ತಾರೆಯೇ ಎಂಬುದು. ಮಾತುಕತೆ ಬೇಸಿಗೆಯದು. ಒಳ್ಳೆಯ ಮಳೆಯ ವರ್ಷ ಉತ್ತರ ಬೇರೆ ಇರಬಹುದು.

ಇದನ್ನ ಓದಿದವರು ನಮ್ಮನ್ನ ನಂಬಬೇಕು ಅಂತಿಲ್ಲ, ಬೇಕಾದ್ರೆ ಪರೀಕ್ಷೆ ಮಾಡಬಹುದು. ಜನ ಎಲ್ಲಿಂದ ಬಂದ್ರು ಅನ್ನೋದು ಇದೆ. ಪ್ರತಿ ಅಂಕಿಯ ಪಕ್ಕದಲ್ಲಿ ‘ಎಷ್ಟರಲ್ಲಿ’ ಅನ್ನೋದು ಇದೆ. ‘ಬೇಡ’ ಅಂದವರು ಕಾರಣದ ಸಮೇತ ಇದ್ದಾರೆ. ಹಿಂದಿನ ಪುಟದಲ್ಲಿ 20 ಸಾಲಿನ ಒಂದು ಟೇಬಲ್ ಕೊಟ್ವಿ: ರೈತ 1, ರೈತ 2 ಅಂತ ಹೆಸರಿಲ್ಲದೆ, ಹೇಗೆ ಸಿಕ್ಕಿದ್ರು, ಯಾವಾಗ ಸುಟ್ಟಿತು, ಬಿಲ್ ನೋಡಿದ್ವೋ ಇಲ್ಲವೋ, ಏನು ಮಾಡಿದ್ರು, ಅಡ್ವಾನ್ಸ್ ಕೊಟ್ರಾ. ಮೇಲಿನ ಸಾರಾಂಶದಲ್ಲಿರೋ ರೈತರ ಲೆಕ್ಕವನ್ನೆಲ್ಲ ಆ ಟೇಬಲ್ ಎಣಿಸಿ ತೆಗೀಬಹುದು. ಎಣಿಸಿದ್ರೆ ತಾಳೆ ಆಗದ ಸಾರಾಂಶ ಯಾವ ಪ್ಲಾನ್‌ನಲ್ಲೂ ಇರಬಾರದು.

ಗುಣಾಕಾರ ಮಾಡೋ ಆಸೆ

ಇಲ್ಲಿ ಒಂದು ಎಚ್ಚರಿಕೆ. ‘20ರಲ್ಲಿ 5, ಅಂದ್ರೆ ಶೇ. 25. ರಾಜ್ಯದಲ್ಲಿ ಲಕ್ಷಗಟ್ಟಲೆ ಪಂಪ್‌ಸೆಟ್ ಇವೆ, ಅದರ ಕಾಲು ಭಾಗ ನಮ್ಮ ಮಾರ್ಕೆಟ್’ ಅಂತ ಬರೆಯೋಕೆ ಕೈ ತುರಿಸುತ್ತೆ. ನಮಗೂ ತುರಿಸಿತ್ತು. ಆ ಇಪ್ಪತ್ತರಲ್ಲಿ 12 ಜನ ಮೋಟರ್ ಸುಟ್ಟವರ ಪಟ್ಟಿಯಿಂದಲೇ ಬಂದವರು. ಆಸ್ಪತ್ರೆ ವಾರ್ಡಲ್ಲಿ ನಿಂತು ಊರಲ್ಲಿ ಎಷ್ಟು ಜನಕ್ಕೆ ಜ್ವರ ಅಂತ ಲೆಕ್ಕ ಹಾಕಿದ ಹಾಗಾಗುತ್ತೆ. ಒಂದು ವೇಳೆ ಲಾಟರಿ ಎತ್ತಿ ಇಪ್ಪತ್ತು ಜನರನ್ನ ಆರಿಸಿದ್ರೂ, ಮ್ಯಾತ್ಸ್ ಕ್ಲಾಸಲ್ಲಿ ಕಲಿತ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್ ಹಾಕಿ ನೋಡಿ: 20ರಲ್ಲಿ 5 ಅನ್ನೋದು ಸುಮಾರು ಶೇ. 11ರಿಂದ ಶೇ. 47ರ ತನಕ ಎಲ್ಲಿ ಬೇಕಾದ್ರೂ ಇರಬಹುದು. ಇಷ್ಟು ಅಗಲದ ಅಂಕಿಯ ಮೇಲೆ ಮಾರಾಟದ ಅಂದಾಜು ಕಟ್ಟೋಕಾಗಲ್ಲ.

ಮಾತುಕತೆಯಿಂದ ಗೊತ್ತಾಗೋದು ಬೇಡಿಕೆ ಯಾರಲ್ಲಿ, ಯಾಕೆ, ಹೇಗೆ ಹುಟ್ಟುತ್ತೆ ಅನ್ನೋದು. ಎಷ್ಟು ಅನ್ನೋದಕ್ಕೆ ಬೇರೆ ಮೂಲ ಬೇಕು. ನಮಗೆ ಅದು ವೈಂಡಿಂಗ್ ಅಂಗಡಿಯಲ್ಲೇ ಸಿಕ್ಕಿತು. ಒಬ್ಬರು ತಮ್ಮ ಪುಸ್ತಕ ಎಣಿಸೋಕೆ ಬಿಟ್ರು: ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳಲ್ಲಿ 71 ಸಬ್‌ಮರ್ಸಿಬಲ್ ಮೋಟರ್ ವೈಂಡಿಂಗಿಗೆ ಬಂದಿದ್ವು. ಇದು ನಾವು ಪ್ರಶ್ನೆ ಕೇಳಿ ಹುಟ್ಟಿಸಿದ ಉತ್ತರ ಅಲ್ಲ, ನಾವು ಹೋಗೋಕೆ ಮುಂಚೆಯೇ ಬರೆದಿಟ್ಟ ಲೆಕ್ಕ. ಅದಕ್ಕೂ ಒಂದು ಮಿತಿ ಇದೆ: ಮೋಟರ್ ಖಾಲಿ ಓಡಿ ಸುಟ್ಟಿತೋ, ಒಂದು ಫೇಸ್ ಹೋಗಿ ಸುಟ್ಟಿತೋ, ವೋಲ್ಟೇಜ್ ಇಳಿದು ಸುಟ್ಟಿತೋ ಪುಸ್ತಕದಲ್ಲಿಲ್ಲ. ಅದನ್ನೂ ಬರೆದ್ವಿ.

ಅದೇ ಅಂಗಡಿಯವರು ನಗ್ತಾ ಕೇಳಿದ ಪ್ರಶ್ನೆಯೂ ಪ್ಲಾನ್‌ನಲ್ಲಿದೆ: ‘ಮೋಟ್ರು ಸುಡೋದು ನಿಂತ್ರೆ ನಾನೇನ್ ಮಾಡ್ಲಿ ಮಕ್ಳಾ?’ ನಮ್ಮ ಮೊದಲ ಪ್ಲಾನ್‌ನಲ್ಲಿ ಮಾರಾಟ ಮಾಡೋದು ವೈಂಡಿಂಗ್ ಅಂಗಡಿಗಳ ಮೂಲಕ ಅಂತಿತ್ತು. ಯಾವ ಡಬ್ಬ ಹಾಕಿಸಬೇಕು ಅಂತ ರೈತರು ಕೇಳೋದು ಫಿಟ್ಟರನ್ನ, ಅಂಗಡಿಯವರನ್ನ. ಅವರ ಹೊಟ್ಟೆಗೇ ಹೊಡೆಯೋ ವಸ್ತುವನ್ನ ಅವರೇ ಮಾರ್ತಾರೆ ಅಂತ ಬರೆದಿದ್ವಿ! ಎರಡನೇ ಪ್ಲಾನ್‌ನಲ್ಲಿ ಅದನ್ನ ಪ್ಯಾನೆಲ್ ಬೋರ್ಡ್ ಮಾರೋರ ಕಡೆಗೆ ಬದಲಾಯಿಸಿದ್ವಿ. ರೈತರನ್ನ ಮಾತ್ರ ಮಾತಾಡಿಸಿದ್ರೆ ಈ ವಿಷಯ ಗೊತ್ತೇ ಆಗ್ತಿರಲಿಲ್ಲ.

‘ಆದ್ರೆ ಜಡ್ಜ್‌ಗಳಿಗೆ ದೊಡ್ಡ ನಂಬರ್ ಬೇಕಲ್ವಾ?’

ಇದನ್ನ ಹೇಳಿದಾಗ ನಮ್ಮ ಬ್ಯಾಚಿನವರು ಕೇಳೋ ಮೊದಲ ಪ್ರಶ್ನೆ ಇದು. ಹತ್ತು ನಿಮಿಷದ ಪ್ರೆಸೆಂಟೇಶನ್ನಲ್ಲಿ ‘20ರಲ್ಲಿ 5’ ಅಂತ ಹಾಕಿದ್ರೆ ಪಕ್ಕದ ತಂಡದ ಶೇ. 94ರ ಮುಂದೆ ನಾವು ಸಪ್ಪೆ ಕಾಣಲ್ವಾ? ಕಾಣಬಹುದು. ಕೆಲವು ಕಡೆ ಶೇ. 94 ಗೆಲ್ಲಲೂಬಹುದು, ಸುಳ್ಳು ಹೇಳಲ್ಲ. ಎರಡನೇ ಪ್ಲಾನ್‌ನಿಂದ ನಮಗೆ ಮೊದಲ ಬಹುಮಾನವೂ ಬಂದಿಲ್ಲ.

ಆದ್ರೆ ಎರಡನೇ ಸಲ ಪ್ರಶ್ನೆಗಳು ಬೇರೆ ಥರ ಇದ್ವು. ‘ನೀರು ಊರೋಕೆ ಎಷ್ಟು ಹೊತ್ತು ಅಂತ ಸಾಧನಕ್ಕೆ ಹೇಗೆ ಗೊತ್ತಾಗುತ್ತೆ?’ ‘ಆ ಇಬ್ಬರು ತೃಪ್ತರು ಅಂದ್ರಲ್ಲ, ಅವರ ಬೋರಿಗೂ ಉಳಿದವರ ಬೋರಿಗೂ ಏನು ವ್ಯತ್ಯಾಸ?’ ಇವು ನಮ್ಮ ಕೆಲಸವನ್ನ ಮುಂದಕ್ಕೆ ತಳ್ಳೋ ಪ್ರಶ್ನೆಗಳು. ಮೊದಲ ಸಲ ಕೇಳಿದ್ದು ನಾವು ನಂಬಿಕಸ್ತರೋ ಅಲ್ಲವೋ ಅಂತ.

ಇನ್ನೊಂದು ಕಾರಣ ತೀರ್ಪುಗಾರರಿಗೆ ಸಂಬಂಧಿಸಿದ್ದಲ್ಲ. ಪ್ಲಾನನ್ನ ಮೊದಲು ನಂಬೋರು ನಾವೇ. ಶೇ. 92 ಅಂತ ಬರೆದ ಮೇಲೆ ನಾವು 50 ಪಿಸಿಬಿ ಆರ್ಡರ್ ಮಾಡೋಕೆ ಹೊರಟಿದ್ವಿ, ಮನೆಯಿಂದ ದುಡ್ಡು ಕೇಳಿಯೂ ಆಗಿತ್ತು. ಆರ್ಡರ್ ಹೋಗಿದ್ರೆ ರಾತ್ರಿ ಎರಡು ಗಂಟೆಗೆ ರೈತರನ್ನ ಎಬ್ಬಿಸೋ 50 ಡಬ್ಬ ನಮ್ಮ ಹಾಸ್ಟೆಲ್ ಮಂಚದ ಕೆಳಗಿರ್ತಿದ್ವು. ಅದರ ಬದಲು ಈಗ 5 ಡಬ್ಬ ಐದು ಬೋರಿನ ಪಕ್ಕದಲ್ಲಿವೆ. ಅದರಲ್ಲಿ ಒಂದನ್ನ ಹೋದ ವಾರ ರೈತರು ಬೈಪಾಸ್ ಮಾಡಿಸಿದ್ದಾರೆ ಅಂತ ಗೊತ್ತಾಯ್ತು. ಶನಿವಾರ ಹೋಗ್ತಿದ್ದೀವಿ, ಯಾಕೆ ಅಂತ ಕೇಳೋಕೆ.

ಈ ಸೆಮಿಸ್ಟರ್ ಪ್ಲಾನ್ ಬರೆಯೋ ತಂಡಗಳಿಗೆ ನಮ್ಮದೊಂದು ಕೋರಿಕೆ. ನಿಮ್ಮ ‘ಕಸ್ಟಮರ್ ವ್ಯಾಲಿಡೇಶನ್’ ಪುಟ ತೆಗೆದು, ಅದರಲ್ಲಿರೋ ಪರ್ಸೆಂಟೇಜನ್ನ ಬೆರಳಲ್ಲಿ ಮುಚ್ಚಿ ಓದಿ. ಉಳಿದ ಪುಟದಲ್ಲಿ ಯಾರೋ ಒಬ್ಬರು ಯಾವತ್ತೋ ಒಂದು ದಿನ ಏನನ್ನೋ ಮಾಡಿದ್ದು ಕಾಣದೇ ಇದ್ರೆ, ಸಲ್ಲಿಸೋ ಮುಂಚೆ ಇನ್ನೊಂದು ಸಲ ಅವರ ಹತ್ತಿರ ಹೋಗಿ ಬನ್ನಿ. ಪ್ರೋಟೋಟೈಪ್ ರೂಮಲ್ಲೇ ಇರಲಿ.